ಲಿನಕ್ಸ್ ಹಾಕಿದ ಮೇಲೆ ವಿಂಡೋಸ್ ಗಡಿಯಾರ ಯಾಕೆ ತಪ್ಪುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

## ನಿನ್ನೆವರೆಗೂ ಸರಿಯಾಗಿತ್ತು. ಲಿನಕ್ಸ್ ಹಾಕಿದ ಮೇಲೆ ವಿಂಡೋಸ್ ಐದೂವರೆ ಗಂಟೆ ಹಿಂದೆ ಓಡುತ್ತಿದೆ. ಏನಾಯಿತು?

ಏನೂ ಕೆಟ್ಟಿಲ್ಲ. ನಿಮ್ಮ ಕಂಪ್ಯೂಟರ್‌ನ ಮದರ್‌ಬೋರ್ಡ್ ಮೇಲೆ ಒಂದು ಪುಟ್ಟ ಗಡಿಯಾರ ಇದೆ. ಅದಕ್ಕೆ ಆರ್‌ಟಿಸಿ ಅಂತಾರೆ. ಕರೆಂಟ್ ಇಲ್ಲದಿದ್ದರೂ ಒಂದು ಬಟನ್ ಸೆಲ್ ಅದನ್ನು ಓಡಿಸುತ್ತಿರುತ್ತದೆ. ಕಂಪ್ಯೂಟರ್ ಆನ್ ಮಾಡಿದಾಗ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಮೊದಲು ಸಮಯ ಕೇಳುವುದು ಇದನ್ನೇ.

ಈ ಗಡಿಯಾರಕ್ಕೆ ಗೊತ್ತಿರುವುದು ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಅಷ್ಟೇ. ಅದು ಯಾವ ಟೈಮ್ ಝೋನ್‌ನ ಸಮಯ ಅನ್ನುವುದನ್ನು ಅದು ಹೇಳುವುದಿಲ್ಲ. 04:30 ಎಂದು ಬರೆದಿದ್ದರೆ ಅದು ನಮ್ಮ ನಾಲ್ಕೂವರೆಯೋ, ಜಗತ್ತಿಗೆಲ್ಲ ಒಂದೇ ಅಳತೆಗೋಲಾದ ಯುಟಿಸಿ ಸಮಯದ ನಾಲ್ಕೂವರೆಯೋ? ಓದುವವರೇ ಊಹಿಸಿಕೊಳ್ಳಬೇಕು.

ವಿಂಡೋಸ್ ಅದನ್ನು ಸ್ಥಳೀಯ ಸಮಯ ಎಂದು ಓದುತ್ತದೆ. ಲಿನಕ್ಸ್ ಅದನ್ನು ಯುಟಿಸಿ ಎಂದು ಓದಿ, ನಿಮ್ಮ ಝೋನ್‌ನ ಅಂತರವನ್ನು ಕೂಡಿಸಿ ತೋರಿಸುತ್ತದೆ. ಒಂದೇ ಗಡಿಯಾರ, ಇಬ್ಬರು ಓದುಗರು, ಇಬ್ಬರದ್ದೂ ಬೇರೆ ಲೆಕ್ಕ. ಓದುವುದಷ್ಟೇ ಆಗಿದ್ದರೆ ತೊಂದರೆ ಕಡಿಮೆ ಇರುತ್ತಿತ್ತು. ಆದರೆ ಇಬ್ಬರೂ ಅದಕ್ಕೆ ಬರೆಯುತ್ತಾರೆ ಕೂಡ. ಒಬ್ಬರು ತಮ್ಮ ಲೆಕ್ಕದಲ್ಲಿ ಬರೆದದ್ದನ್ನು ಇನ್ನೊಬ್ಬರು ತಮ್ಮ ಲೆಕ್ಕದಲ್ಲಿ ಓದುತ್ತಾರೆ.

ಐದೂವರೆ ಗಂಟೆ ಯಾಕೆ ಅಂದರೆ, ಭಾರತೀಯ ಸಮಯ ಯುಟಿಸಿಗಿಂತ 5:30 ಮುಂದಿದೆ. ಬೇರೆ ಝೋನ್‌ನಲ್ಲಿ ಇರುವವರಿಗೆ ಬೇರೆ ಸಂಖ್ಯೆ ಬರುತ್ತದೆ. ಯುಟಿಸಿಗಿಂತ 5 ಗಂಟೆ ಹಿಂದಿರುವ ಝೋನ್‌ನಲ್ಲಿ ವಿಂಡೋಸ್ ಹಿಂದೆ ಬೀಳುವ ಬದಲು 5 ಗಂಟೆ ಮುಂದಕ್ಕೆ ಹೋಗುತ್ತದೆ. ಯುಟಿಸಿಯಲ್ಲೇ ಬದುಕುವವರಿಗೆ ಈ ಸಮಸ್ಯೆ ಕಾಣಿಸುವುದೇ ಇಲ್ಲ.

## ಸ್ವಲ್ಪ ಲೆಕ್ಕ ಹಾಕಿ ತೋರಿಸಿ. ಯಾವಾಗ ಯಾರು ಏನು ಬರೆಯುತ್ತಾರೆ?

ಒಂದು ಸೋಮವಾರ ತೆಗೆದುಕೊಳ್ಳೋಣ. ಬೆಳಿಗ್ಗೆ 10:00 ಗಂಟೆ. ನೀವು ಲಿನಕ್ಸ್‌ನಲ್ಲಿದ್ದೀರಿ, ನೆಟ್ ಇದೆ, ಸಮಯ ಸರಿಯಾಗಿದೆ. ಲಿನಕ್ಸ್ ಆರ್‌ಟಿಸಿಯಲ್ಲಿ ಯುಟಿಸಿಯನ್ನು ಬರೆದಿಟ್ಟಿದೆ, ಅಂದರೆ 04:30.

ಮಷೀನ್ ಆಫ್ ಮಾಡಿ, 10:05ಕ್ಕೆ ವಿಂಡೋಸ್‌ಗೆ ಬರುತ್ತೀರಿ. ಆರ್‌ಟಿಸಿ ಈಗ 04:35. ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂದುಕೊಂಡು ಬೆಳಗಿನ ಜಾವ 4:35 ಎಂದು ತೋರಿಸುತ್ತದೆ. ನೀವು ಬೇಜಾರಾಗಿ ಕೈಯಾರೆ 10:05 ಮಾಡುತ್ತೀರಿ. ವಿಂಡೋಸ್ ತಕ್ಷಣ ಆರ್‌ಟಿಸಿಗೂ 10:05 ಎಂದು ಬರೆಯುತ್ತದೆ. ಸಮಸ್ಯೆ ಮುಗಿಯಿತು ಅಂತ ಅನಿಸುತ್ತದೆ.

11:00ಕ್ಕೆ ಮತ್ತೆ ಲಿನಕ್ಸ್. ಆರ್‌ಟಿಸಿಯಲ್ಲಿ 11:00 ಇದೆ. ಲಿನಕ್ಸ್ ಅದನ್ನು ಯುಟಿಸಿ ಅಂದುಕೊಂಡು 5:30 ಕೂಡಿಸಿ ಸಂಜೆ 4:30 ಎಂದು ತೋರಿಸುತ್ತದೆ. ನೆಟ್ ಇದ್ದರೆ ಕೆಲವೇ ಕ್ಷಣಗಳಲ್ಲಿ, ನೆಟ್‌ನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಅದನ್ನು 11:00ಕ್ಕೆ ತಂದು ನಿಲ್ಲಿಸುತ್ತದೆ. ಎಷ್ಟೋ ಜನ ಲಾಗಿನ್ ಆಗುವಷ್ಟರಲ್ಲಿ ಸರಿಯಾಗಿಬಿಟ್ಟಿರುತ್ತದೆ, ಹಾಗಾಗಿ ಲಿನಕ್ಸ್ ಕೂಡ ತಪ್ಪಿತ್ತು ಅನ್ನುವುದು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಹಿಂದೆಯೇ ಲಿನಕ್ಸ್‌ನ ತಿರುಳಾದ ಕರ್ನಲ್ ಆರ್‌ಟಿಸಿಗೆ 05:30 ಎಂದು ಬರೆಯುತ್ತದೆ.

ಮಧ್ಯಾಹ್ನ 12:00ಕ್ಕೆ ವಿಂಡೋಸ್ ತೆರೆದರೆ ಅಲ್ಲಿ 6:30. ಮತ್ತೆ ಶುರು. ನೀವು ಪ್ರತಿ ಸಲ ಸರಿ ಮಾಡಿದ್ದು ನಿಜವಾಗಿಯೂ ಸರಿಯಾಗಿತ್ತು. ಮುಂದಿನವರು ಅದನ್ನು ಬೇರೆ ಅರ್ಥದಲ್ಲಿ ಓದಿದರು, ಅಷ್ಟೇ.

## ಕೆಲವು ಸಲ ಸರಿ ಇರುತ್ತದೆ, ಕೆಲವು ಸಲ ಇರುವುದಿಲ್ಲ. ಇದಕ್ಕೆ ಲೆಕ್ಕ ಇದೆಯಾ?

ಇದೆ. ಲಿನಕ್ಸ್‌ನಲ್ಲಿ ಇದ್ದಾಗ ನೆಟ್ ಇತ್ತೇ ಅನ್ನುವುದನ್ನು ನೆನಪಿಸಿಕೊಳ್ಳಿ.

ಲಿನಕ್ಸ್ ಕರ್ನಲ್‌ಗೆ ಒಂದು ಅಭ್ಯಾಸ ಇದೆ. ತನ್ನ ಸಮಯ ಎನ್‌ಟಿಪಿ ಜೊತೆ ಹೊಂದಿಕೊಂಡಿದೆ ಎಂದು ಖಚಿತವಾದರೆ, ಸುಮಾರು 11 ನಿಮಿಷಕ್ಕೊಮ್ಮೆ ಆ ಸಮಯವನ್ನು ಆರ್‌ಟಿಸಿಗೆ ಬರೆಯುತ್ತದೆ. ಬಲ್ಲವರು ಇದನ್ನು 11 ನಿಮಿಷದ ಮೋಡ್ ಅಂತಲೇ ಕರೆಯುತ್ತಾರೆ. ನೆಟ್ ಇಲ್ಲ ಅಂದರೆ ಹೊಂದಾಣಿಕೆ ಇಲ್ಲ, ಹೊಂದಾಣಿಕೆ ಇಲ್ಲ ಅಂದರೆ ಈ ಬರೆಯುವಿಕೆಯೂ ಇಲ್ಲ.

ಹಾಗಾಗಿ ವೈಫೈ ಇಲ್ಲದ ಕಡೆ ಲಿನಕ್ಸ್ ಬಳಸಿ ವಾಪಸ್ ಬಂದರೆ ವಿಂಡೋಸ್ ಸಮಯ ಸರಿಯಾಗಿಯೇ ಇರಬಹುದು. ಆ ದಿನ ಲಿನಕ್ಸ್‌ನಲ್ಲಿ ಸಮಯ ಐದೂವರೆ ಗಂಟೆ ಮುಂದಿತ್ತು, ನೀವು ಗಮನಿಸಿರಲಿಕ್ಕಿಲ್ಲ. ಕೆಲವು ಹಳೆಯ ಡಿಸ್ಟ್ರೊಗಳು ಶಟ್‌ಡೌನ್ ಆಗುವಾಗಲೂ ಆರ್‌ಟಿಸಿಗೆ ಬರೆಯುತ್ತಿದ್ದವು. ಅಂಥದ್ದರಲ್ಲಿ ನೆಟ್ ಇಲ್ಲದಿದ್ದರೂ, ನೀವು ಲಿನಕ್ಸ್ ಸಮಯವನ್ನು ಕೈಯಾರೆ ಸರಿ ಮಾಡಿದ್ದರೆ ಗಡಿಯಾರ ಬದಲಾಗುತ್ತದೆ.

ಇನ್ನೊಂದು ಕಡೆ ವಿಂಡೋಸ್ ಕೂಡ ತನ್ನದೇ ವೇಳೆ ನೋಡಿಕೊಂಡು ನೆಟ್‌ನಿಂದ ಸಮಯ ತರುತ್ತದೆ. ಹಳೆಯ ವಿಂಡೋಸ್‌ಗಳಲ್ಲಿ ಅದು ವಾರಕ್ಕೊಮ್ಮೆ ಮಾತ್ರ. ಆ ವೇಳೆ ಬಂದಾಗ ಸಮಯ ತಾನಾಗಿಯೇ ಸರಿಹೋಗುತ್ತದೆ. ಎರಡೂ ಸೇರಿ ನೋಡಿದಾಗ ಯಾವ ಕ್ರಮವೂ ಇಲ್ಲದಂತೆ ಕಾಣುತ್ತದೆ.

## ಇದು ಯಾರ ತಪ್ಪು?

ನೇರವಾಗಿ ಹೇಳಬೇಕೆಂದರೆ ವಿಂಡೋಸ್‌ನ ಹಳೆಯ ಅಭ್ಯಾಸ ಕಾರಣ. ಆದರೆ ಅದಕ್ಕೂ ಒಂದು ಹಿನ್ನೆಲೆ ಇದೆ.

ಐಬಿಎಂ 1984ರಲ್ಲಿ ತಂದ ಪಿಸಿ ಎಟಿಯಲ್ಲಿ ಬ್ಯಾಟರಿಯಿಂದ ಓಡುವ ಗಡಿಯಾರದ ಚಿಪ್ ಇತ್ತು, ಮೊಟೊರೊಲಾದ ಎಂಸಿ146818. ಇಂದಿನ ಮದರ್‌ಬೋರ್ಡ್‌ಗಳೂ ಅದರ ರಿಜಿಸ್ಟರ್‌ಗಳ ರೀತಿಯನ್ನೇ ಅನುಸರಿಸುತ್ತವೆ. ಆಗ ಡಾಸ್ ಕಾಲ. ಡಾಸ್‌ಗೆ ಟೈಮ್ ಝೋನ್ ಅನ್ನುವ ಕಲ್ಪನೆಯೇ ಇರಲಿಲ್ಲ. ಮೇಜಿನ ಮುಂದೆ ಕೂತವರ ಗೋಡೆ ಗಡಿಯಾರದ ಸಮಯ ಏನೋ, ಚಿಪ್‌ನಲ್ಲೂ ಅದೇ. ವಿಂಡೋಸ್ ಡಾಸ್ ಮೇಲೆ ಬೆಳೆದದ್ದು. ಹಳೆಯ ಪ್ರೋಗ್ರಾಂಗಳಿಗೆ ತೊಂದರೆ ಆಗಬಾರದು ಅಂತ ಆ ಪದ್ಧತಿ ಹಾಗೇ ಉಳಿಯಿತು.

ಯುನಿಕ್ಸ್ ಕುಟುಂಬದ ದಾರಿ ಬೇರೆ. ಅಲ್ಲಿ ಒಂದೇ ಮಷೀನ್ ಅನ್ನು ಬೇರೆ ಬೇರೆ ಝೋನ್‌ಗಳ ಜನ ಬಳಸಬಹುದು. ಹಾಗಾಗಿ ಒಳಗೆ ಯುಟಿಸಿ ಇಟ್ಟುಕೊಂಡು, ತೋರಿಸುವಾಗ ಮಾತ್ರ ಅವರವರ ಝೋನ್‌ಗೆ ಬದಲಿಸುವುದು ರೂಢಿ. ಲಿನಕ್ಸ್ ಅದನ್ನೇ ಪಾಲಿಸುತ್ತದೆ.

ಹಳೆಯ ಬಯಾಸ್‌ನ ಜಾಗಕ್ಕೆ ಯುಇಎಫ್‌ಐ ಬಂದಾಗ ಸಮಯದ ಜೊತೆ ಟೈಮ್ ಝೋನ್ ಕೂಡ ಇಡುವ ಜಾಗ ಕೊಟ್ಟರು. ಆದರೆ ಝೋನ್ ಹೇಳದೆ ಬಿಡುವುದಕ್ಕೂ ಅಲ್ಲಿ ಅವಕಾಶ ಇದೆ. ವಿಂಡೋಸ್, ಲಿನಕ್ಸ್ ಎರಡೂ ಆ ಜಾಗವನ್ನು ನಂಬಿಕೊಂಡು ಕೂತಿಲ್ಲ. ಅವಕಾಶ ಸಿಕ್ಕಾಗಲೂ ಜಗಳ ಬಗೆಹರಿಯಲಿಲ್ಲ ನೋಡಿ.

## ಸೆಲ್ ಹೋಗಿರಬಹುದಾ? ಅಂಗಡಿಗೆ ಕೊಡಬೇಕಾ?

ಮೊದಲು ವ್ಯತ್ಯಾಸ ಎಷ್ಟು ಅಂತ ನೋಡಿ. ನಿಮ್ಮ ಝೋನ್‌ನ ಅಂತರದಷ್ಟೇ ತಪ್ಪಿದ್ದರೆ, ಸೆಕೆಂಡಿನ ಮುಳ್ಳು ಸರಿಯಾಗಿದ್ದರೆ, ಇದು ಡ್ಯುಯಲ್ ಬೂಟ್ ಸಮಸ್ಯೆ, ಅಂದರೆ ಒಂದೇ ಮಷೀನ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡದ್ದರ ಸಮಸ್ಯೆ. ಪೂರ್ತಿ ಗಂಟೆಗಳ ಅಂತರ ಇರುವ ಝೋನ್‌ಗಳಲ್ಲಿ ನಿಮಿಷವೂ ಸರಿಯಾಗಿರುತ್ತದೆ, ಗಂಟೆ ಮಾತ್ರ ತಪ್ಪು. ನಮ್ಮಲ್ಲಿ ಅರ್ಧ ಗಂಟೆಯ ಬಾಲ ಇರುವುದರಿಂದ ನಿಮಿಷದಲ್ಲಿ ಸರಿಯಾಗಿ 30ರ ವ್ಯತ್ಯಾಸ ಬರುತ್ತದೆ.

ಸೆಲ್ ಸತ್ತಿದ್ದರೆ ರೋಗವೇ ಬೇರೆ. ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಬಯಾಸ್ ಸೆಟ್ಟಿಂಗ್‌ಗಳೂ ಮರೆತುಹೋಗಬಹುದು. ಅಥವಾ ಗಡಿಯಾರ ಪ್ರತಿದಿನ ಕೆಲವು ನಿಮಿಷ ಹಿಂದೆ ಬೀಳುತ್ತಿರುತ್ತದೆ, ವ್ಯತ್ಯಾಸ ಒಂದೇ ಸಂಖ್ಯೆಯಲ್ಲಿ ನಿಲ್ಲುವುದಿಲ್ಲ. ಅಂಥ ಕಡೆ ಸೆಲ್ ಬದಲಿಸಿ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032 ಇರುತ್ತದೆ.

ಮೂರನೇ ಸಾಧ್ಯತೆಯೂ ಒಂದಿದೆ. ವಿಂಡೋಸ್‌ನಲ್ಲಿ ಟೈಮ್ ಝೋನೇ ತಪ್ಪಾಗಿ ಆಯ್ಕೆಯಾಗಿರಬಹುದು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ನೋಡಿಬಿಡಿ. ಝೋನ್ ತಪ್ಪಿದ್ದರೆ ಮುಂದಿನ ಯಾವ ಮದ್ದೂ ನಾಟುವುದಿಲ್ಲ.

## ಖಚಿತ ಮಾಡಿಕೊಳ್ಳುವುದು ಹೇಗೆ?

ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು `timedatectl` ಎಂದು ಕೊಡಿ. ಇಂಥದ್ದು ಬರುತ್ತದೆ:

```
               Local time: Mon 2025-06-09 10:00:12 IST
           Universal time: Mon 2025-06-09 04:30:12 UTC
                 RTC time: Mon 2025-06-09 04:30:12
                Time zone: Asia/Kolkata (IST, +0530)
System clock synchronized: yes
              NTP service: active
          RTC in local TZ: no
```

ಇಲ್ಲಿ ಮೂರನೇ ಸಾಲು ಮತ್ತು ಕೊನೆಯ ಸಾಲು ಮುಖ್ಯ. ಮೂರನೆಯದು ಚಿಪ್‌ನಲ್ಲಿ ಈ ಕ್ಷಣ ಇರುವ ಸಮಯ. ಅದು ಎರಡನೇ ಸಾಲಿಗೆ ಸಮ ಇದ್ದರೆ ಚಿಪ್‌ನಲ್ಲಿ ಯುಟಿಸಿ ಇದೆ. ಮೊದಲ ಸಾಲಿಗೆ ಸಮ ಇದ್ದರೆ ಸ್ಥಳೀಯ ಸಮಯ ಇದೆ. ಕೊನೆಯ ಸಾಲು ಲಿನಕ್ಸ್ ಏನು ಅಂದುಕೊಂಡಿದೆ ಅನ್ನುವುದನ್ನು ಹೇಳುತ್ತದೆ. `no` ಅಂದರೆ ಅದು ಯುಟಿಸಿ ಅಂದುಕೊಂಡಿದೆ.

ವಿಂಡೋಸ್‌ನಿಂದ ಆಗ ತಾನೇ ಬಂದು, ನೆಟ್ ಸೇರುವ ಮೊದಲು ಇದನ್ನು ಕೊಟ್ಟರೆ ಚಿತ್ರ ಸ್ಪಷ್ಟ. ಬೆಳಿಗ್ಗೆ 10 ಗಂಟೆಗೆ ಆರ್‌ಟಿಸಿ ಸಾಲಿನಲ್ಲಿ 10:00 ಇರುತ್ತದೆ, ಸ್ಥಳೀಯ ಸಮಯದ ಸಾಲಿನಲ್ಲಿ 15:30.

## ಐದೂವರೆ ಗಂಟೆ ತಪ್ಪಿದ್ದರೆ ಏನು ನಷ್ಟ? ಸುಮ್ನೆ ಬಿಟ್ಟರೆ ಆಗಲ್ವಾ?

ಗಡಿಯಾರ ನೋಡಲು ಮಾತ್ರ ಆದರೆ ಬಿಡಬಹುದಿತ್ತು. ನನ್ನ ಮಟ್ಟಿಗೆ ದೊಡ್ಡ ತೊಂದರೆ ಫೈಲ್‌ಗಳದ್ದು.

ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ ಫೈಲ್ ಸಮಯ ಯುಟಿಸಿಯಲ್ಲಿ ಉಳಿಯುತ್ತದೆ. ವಿಂಡೋಸ್ ಗಡಿಯಾರ ಹಿಂದಿದ್ದರೆ ನೀವು 10:05ಕ್ಕೆ ತಿದ್ದಿದ ಫೈಲ್‌ಗೆ 4:35ರ ಮುದ್ರೆ ಬೀಳುತ್ತದೆ. ಅದೇ ಫೈಲ್‌ ಅನ್ನು ಬೆಳಿಗ್ಗೆ 9 ಗಂಟೆಗೆ ಲಿನಕ್ಸ್‌ನಲ್ಲಿ ತಿದ್ದಿದ್ದ ಪ್ರತಿಯೂ ಇದೆ ಅಂದುಕೊಳ್ಳಿ. ಯಾವುದು ಹೊಸದು ಎಂದು ಸಮಯ ನೋಡಿ ತೀರ್ಮಾನಿಸುವ ಬ್ಯಾಕಪ್ ಅಥವಾ ಸಿಂಕ್ ಪ್ರೋಗ್ರಾಂ ಹಳೆಯದನ್ನೇ ಹೊಸದು ಎನ್ನುತ್ತದೆ. ನಿಮ್ಮ ಹೊಸ ಬದಲಾವಣೆ ಅಳಿಸಿಹೋಗಬಹುದು. ಆಮೇಲೆ ಇದಕ್ಕೆ ಗಡಿಯಾರ ಕಾರಣ ಅಂತ ಯಾರಿಗೂ ಹೊಳೆಯುವುದಿಲ್ಲ.

30 ಸೆಕೆಂಡಿಗೊಮ್ಮೆ ಬದಲಾಗುವ ಲಾಗಿನ್ ಕೋಡ್‌ಗಳನ್ನು ಕಂಪ್ಯೂಟರ್‌ನಲ್ಲೇ ತಯಾರಿಸುವವರಿಗೆ ಕೋಡ್ ಒಪ್ಪಿಗೆಯಾಗುವುದಿಲ್ಲ. ಯುಟಿಸಿಗಿಂತ ಹಿಂದಿರುವ ಝೋನ್‌ಗಳಲ್ಲಿ ಲಿನಕ್ಸ್ ಗಡಿಯಾರ ಹಿಂದೆ ಬೀಳುತ್ತದೆ. ಆಗ `apt update` ಕೊಟ್ಟರೆ `is not valid yet` ಎಂಬ ದೂರು ಬರುವುದುಂಟು.

## ಸರಿ ಮಾಡುವುದು ಹೇಗೆ? ಯಾರನ್ನು ಬದಲಿಸಬೇಕು?

ಎರಡು ದಾರಿ. ವಿಂಡೋಸ್‌ಗೆ ಯುಟಿಸಿ ಓದಲು ಹೇಳುವುದು, ಇಲ್ಲವೇ ಲಿನಕ್ಸ್‌ಗೆ ಸ್ಥಳೀಯ ಸಮಯ ಓದಲು ಹೇಳುವುದು. ಒಂದನ್ನು ಮಾತ್ರ ಮಾಡಿ. ಎರಡನ್ನೂ ಮಾಡಿದರೆ ಜಗಳ ತಿರುಗಿ ನಿಲ್ಲುತ್ತದೆ, ಅದನ್ನು ಮುಂದೆ ಹೇಳಿದ್ದೇನೆ.

ವಿಂಡೋಸ್ ಅನ್ನು ಬದಲಿಸಿ ಅನ್ನುವುದು ನನ್ನ ಮಾತು. ಚಿಪ್‌ನಲ್ಲಿ ಯುಟಿಸಿ ಇದ್ದರೆ ನೀವು ಯಾವ ಝೋನ್‌ಗೆ ಹೋದರೂ, ಬೇಸಿಗೆಗೆ ಗಂಟೆ ಬದಲಿಸುವ ದೇಶದಲ್ಲಿದ್ದರೂ ಚಿಪ್‌ನ ಸಮಯವನ್ನು ಯಾರೂ ಮುಟ್ಟಬೇಕಾಗಿಲ್ಲ.

## ವಿಂಡೋಸ್ ಬದಲಿಸುವ ಹಂತಗಳನ್ನು ಹೇಳಿ.

ಮೊದಲು ವಿಂಡೋಸ್‌ಗೆ ಬನ್ನಿ. ಸ್ಟಾರ್ಟ್ ಮೆನುವಿನಲ್ಲಿ `cmd` ಎಂದು ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಗೆ ಒಂದು ಮೌಲ್ಯ ಸೇರಿಸುವ ಈ ಸಾಲನ್ನು ಒಂದೇ ಸಾಲಾಗಿ ಕೊಡಿ:

```
reg add "HKLM\SYSTEM\CurrentControlSet\Control\TimeZoneInformation" /v RealTimeIsUniversal /t REG_DWORD /d 1 /f
```

ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ವಿಂಡೋಸ್ ತಕರಾರು ಮಾಡುವುದಿಲ್ಲ, ಆ ತಪ್ಪು ಹೆಸರಿನಲ್ಲೇ ಹೊಸದೊಂದನ್ನು ಮಾಡಿಟ್ಟುಬಿಡುತ್ತದೆ. ಕೆಲಸ ಮಾತ್ರ ಆಗುವುದಿಲ್ಲ. ಹಾಗಾಗಿ ಕಾಪಿ ಮಾಡಿ ಹಾಕುವುದೇ ಒಳ್ಳೆಯದು.

ಆಮೇಲೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅನ್ನುವುದು ಬಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ, ಡಿಸ್ಕ್‌ಗೆ ಬರೆದಿಟ್ಟು ಮುಂದಿನ ಸಲ ಅಲ್ಲಿಂದಲೇ ಎದ್ದು ಬರುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಹೊಸದಾಗಿ ಶುರುವಾಗುತ್ತದೆ. ಡ್ಯುಯಲ್ ಬೂಟ್ ಮಾಡುವವರು ಫಾಸ್ಟ್ ಸ್ಟಾರ್ಟಪ್ ಅನ್ನು ಆಫ್ ಮಾಡಿಡುವುದು ಹೇಗೂ ಒಳ್ಳೆಯದು. ಅದು ಆನ್ ಇದ್ದರೆ ಲಿನಕ್ಸ್‌ನಿಂದ ವಿಂಡೋಸ್ ಡಿಸ್ಕ್‌ಗೆ ಬರೆಯಲೂ ತೊಂದರೆ.

ರೀಸ್ಟಾರ್ಟ್ ಆಗುವಾಗ ನೇರ ಲಿನಕ್ಸ್‌ಗೆ ಹೋಗಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಚಿಪ್‌ನಲ್ಲಿ ಈಗಲೂ ವಿಂಡೋಸ್ ಬರೆದ ಸ್ಥಳೀಯ ಸಮಯವೇ ಇರಬಹುದು. ಅದನ್ನು ಯುಟಿಸಿಗೆ ತಿರುಗಿಸಬೇಕು. ನೆಟ್ ಜೋಡಿಸಿ, ಲಿನಕ್ಸ್ ಸಮಯ ಸರಿಯಾದ ಮೇಲೆ ಇದನ್ನು ಕೊಡಿ:

```
sudo timedatectl set-ntp true
sudo hwclock --systohc --utc
timedatectl
```

ಕೆಲವು ಹೊಸ ಡಿಸ್ಟ್ರೊಗಳಲ್ಲಿ `hwclock` ಸಿಗದೆ ಹೋಗಬಹುದು. ಹೊಸ ಡೆಬಿಯನ್, ಉಬುಂಟುಗಳಲ್ಲಿ ಅದು `util-linux-extra` ಎಂಬ ಪ್ಯಾಕೇಜ್‌ನಲ್ಲಿದೆ. ಅದನ್ನು ಹಾಕಿಕೊಳ್ಳಿ. ಬೇಡ ಅನಿಸಿದರೆ ನೆಟ್ ಜೋಡಿಸಿ ಕಾಲು ಗಂಟೆ ಬಿಡಿ, ಕರ್ನಲ್ ತಾನೇ ಬರೆದುಕೊಳ್ಳುತ್ತದೆ.

ಕೊನೆಯ ಕಮಾಂಡ್‌ನಲ್ಲಿ ಆರ್‌ಟಿಸಿ ಸಮಯವೂ ಯುಟಿಸಿ ಸಮಯವೂ ಒಂದೇ ಇರಬೇಕು. ಕೆಳಗಿನ ಸಾಲು `no` ಅನ್ನಬೇಕು. ಎರಡೂ ಸರಿ ಇದ್ದರೆ ಈಗ ವಿಂಡೋಸ್‌ಗೆ ಹೋಗಿ ನೋಡಿ. ಪರೀಕ್ಷೆ ಮಾಡುವಾಗ ನೆಟ್ ಕಿತ್ತು ಬೂಟ್ ಮಾಡಿ. ನೆಟ್ ಇದ್ದರೆ ಸಮಯವನ್ನು ಸರ್ವರ್ ಸರಿ ಮಾಡಿತೋ ನಿಮ್ಮ ಬದಲಾವಣೆ ಸರಿ ಮಾಡಿತೋ ಗೊತ್ತಾಗುವುದಿಲ್ಲ.

## ರಿಜಿಸ್ಟ್ರಿ ಮುಟ್ಟಲು ಹೆದರಿಕೆ. ವಿಂಡೋಸ್‌ನಲ್ಲಿ ಈಗಲೇ ಸಿಂಕ್ ಮಾಡುವ ಬಟನ್ ಒತ್ತಿದರೆ ಸಾಲದೇ?

ಆ ಹೊತ್ತಿಗೆ ಸಾಕು. ಮತ್ತೆ ಲಿನಕ್ಸ್‌ಗೆ ಹೋಗಿ ಬಂದರೆ ಮತ್ತೆ ತಪ್ಪು. ಮೇಲಿನ ಸೋಮವಾರದ ಲೆಕ್ಕದಲ್ಲಿ ಕೈಯಾರೆ ಸರಿ ಮಾಡಿದ್ದಕ್ಕೂ ಬಟನ್ ಒತ್ತಿ ಸರಿ ಮಾಡಿದ್ದಕ್ಕೂ ವ್ಯತ್ಯಾಸ ಇಲ್ಲ.

ಇನ್ನೊಂದು ಮಾತು. ಸ್ವತಂತ್ರವಾಗಿ ಓಡುವ ವಿಂಡೋಸ್ ಮಷೀನ್‌ಗಳಲ್ಲಿ ಸಮಯ ಸೇವೆ ಒಂದೇ ಸಲಕ್ಕೆ 15 ಗಂಟೆಗಿಂತ ಜಾಸ್ತಿ ವ್ಯತ್ಯಾಸವನ್ನು ಸರಿ ಮಾಡಲು ಒಪ್ಪುವುದಿಲ್ಲ. ಅದು ಮೊದಲಿನಿಂದ ಇರುವ ಮಿತಿ. ಝೋನ್ ಅಂತರದ ತಪ್ಪು ಇದರೊಳಗೇ ಬರುತ್ತದೆ, ಹಾಗಾಗಿ ಸಿಂಕ್ ಆಗುತ್ತದೆ. ಸಿಂಕ್ ಆಗದೆ ಹಟ ಹಿಡಿದರೆ ತಾರೀಖು ನೋಡಿ. ದಿನಗಟ್ಟಲೆ ತಪ್ಪಿದ್ದರೆ ಸೆಲ್ ಕಡೆ ಅನುಮಾನ ಪಡಿ.

ಹೆದರಿಕೆ ವಿಷಯಕ್ಕೆ ಬಂದರೆ, ನೀವು ಸೇರಿಸುತ್ತಿರುವುದು ಒಂದೇ ಒಂದು ಮೌಲ್ಯ. ಬೇಡವಾದರೆ ತೆಗೆಯಲೂ ಒಂದೇ ಸಾಲು:

```
reg delete "HKLM\SYSTEM\CurrentControlSet\Control\TimeZoneInformation" /v RealTimeIsUniversal /f
```

ಲಿನಕ್ಸ್ ತೆಗೆದುಹಾಕಿ ವಿಂಡೋಸ್ ಒಂದನ್ನೇ ಉಳಿಸಿಕೊಂಡರೂ ಇದನ್ನು ತೆಗೆಯಲೇಬೇಕು ಅಂತೇನಿಲ್ಲ. ತೆಗೆದರೆ ಒಂದು ಸಲ ಸಮಯ ಸಿಂಕ್ ಮಾಡಿ.

## ಆಫೀಸಿನ ಲ್ಯಾಪ್‌ಟಾಪ್. ಅಡ್ಮಿನ್ ಹಕ್ಕಿಲ್ಲ. ಲಿನಕ್ಸ್ ಕಡೆಯಿಂದಲೇ ಮಾಡಬಹುದಾ?

ಮಾಡಬಹುದು. ಲಿನಕ್ಸ್ ಸಮಯ ಸರಿ ಇರುವಾಗ ಇದನ್ನು ಕೊಡಿ:

```
sudo timedatectl set-local-rtc 1
```

ಇದರಿಂದ ಲಿನಕ್ಸ್ ಇನ್ನು ಮೇಲೆ ಚಿಪ್‌ನ ಸಮಯವನ್ನು ಸ್ಥಳೀಯ ಎಂದು ಓದುತ್ತದೆ, ಈಗಲೇ ಸ್ಥಳೀಯ ಸಮಯವನ್ನು ಚಿಪ್‌ಗೆ ಬರೆಯುತ್ತದೆ ಕೂಡ. ಇದೇ ಕಮಾಂಡ್‌ಗೆ `--adjust-system-clock` ಸೇರಿಸಿ ಎಂದು ಹಲವು ಕಡೆ ಬರೆದಿರುತ್ತಾರೆ. ಅದನ್ನು ಸೇರಿಸಿದರೆ ದಿಕ್ಕು ತಿರುಗುತ್ತದೆ. ಆಗ ಚಿಪ್‌ನ ಸಮಯವೇ ಸರಿ ಎಂದು ಹಿಡಿದು ಲಿನಕ್ಸ್ ಸಮಯವನ್ನು ಬದಲಿಸುತ್ತದೆ. ವಿಂಡೋಸ್‌ನಿಂದ ಈಗಷ್ಟೇ ಬಂದಿದ್ದೀರಿ, ನೆಟ್ ಇಲ್ಲ, ಲಿನಕ್ಸ್ ಸಮಯ ಮುಂದಿದೆ ಅಂದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಯಾವುದು ಸರಿ ಇದೆ ಎಂದು ನೋಡಿಕೊಂಡು ಆರಿಸಿ.

ಇದಾದ ಮೇಲೆ `timedatectl` ಕೊಟ್ಟರೆ ಕೆಳಗೆ ಒಂದು ಉದ್ದನೆಯ ಎಚ್ಚರಿಕೆ ಬರುತ್ತದೆ. ಅದು ಸುಮ್ನೆ ಹೆದರಿಸಲು ಬರೆದದ್ದಲ್ಲ.

ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ತಳ್ಳುವ ದೇಶಗಳನ್ನು ನೆನೆಯಿರಿ. ಆ ರಾತ್ರಿ ಚಿಪ್‌ನಲ್ಲಿರುವ ಸ್ಥಳೀಯ ಸಮಯವನ್ನೂ ಯಾರಾದರೂ ಒಂದು ಗಂಟೆ ತಳ್ಳಬೇಕು. ವಿಂಡೋಸ್ ತಳ್ಳುತ್ತದೆ. ಆದರೆ ಅದನ್ನು ಆಗಲೇ ತಳ್ಳಿದ್ದಾರೋ ಇಲ್ಲವೋ ಎಂದು ಚಿಪ್ ನೋಡಿ ಹೇಳಲು ಲಿನಕ್ಸ್‌ಗೆ ಆಗುವುದಿಲ್ಲ. ಆ ದಿನ ಒಬ್ಬರೂ ತಳ್ಳದೇ ಇರಬಹುದು, ಇಬ್ಬರೂ ತಳ್ಳಬಹುದು. ಇದೇ ಕಾರಣಕ್ಕೆ, ಲಿನಕ್ಸ್‌ನಲ್ಲಿ ನೆಟ್‌ನಿಂದ ಸಮಯ ತರುವ `systemd-timesyncd` ಸ್ಥಳೀಯ ಸಮಯದ ಮೋಡ್‌ನಲ್ಲಿ ಆರ್‌ಟಿಸಿಗೆ ಬರೆಯುವುದನ್ನೇ ಬಿಟ್ಟುಬಿಡುತ್ತದೆ. 11 ನಿಮಿಷದ ಅಭ್ಯಾಸ ನಿಲ್ಲುತ್ತದೆ. ಚಿಪ್ ನಿಧಾನಕ್ಕೆ ತಪ್ಪುತ್ತಾ ಹೋದರೆ ಅದನ್ನು ಸರಿ ಮಾಡುವ ಕೆಲಸ ವಿಂಡೋಸ್‌ನದ್ದೇ.

ಗಡಿಯಾರವನ್ನು ಹೀಗೆ ವರ್ಷಕ್ಕೆರಡು ಸಲ ತಿರುಗಿಸದ ಝೋನ್‌ನಲ್ಲಿ, ಒಂದೇ ಕಡೆ ಇರುವ ಮಷೀನ್‌ಗೆ ಈ ದಾರಿ ವರ್ಷಗಟ್ಟಲೆ ತೊಂದರೆ ಕೊಡದೆ ನಡೆಯಬಹುದು. ಭಾರತೀಯ ಸಮಯ ಅಂಥದ್ದೇ. ಲ್ಯಾಪ್‌ಟಾಪ್ ಹಿಡಿದು ಝೋನ್ ದಾಟುವವರಿಗೆ ಮಾತ್ರ ಬೇಡ ಅಂತ ಹೇಳುತ್ತೇನೆ. ವಾಪಸ್ ಬರಲು ಕೊನೆಯ ಅಂಕಿಯನ್ನು `0` ಮಾಡಿ.

## ನಾನು ಎರಡು ಕಡೆಯೂ ಬದಲಿಸಿದೆ. ಈಗ ವಿಂಡೋಸ್ ಐದೂವರೆ ಗಂಟೆ ಮುಂದಿದೆ!

ಹಾಗೇ ಆಗಬೇಕು. ಲಿನಕ್ಸ್ ಈಗ 10:00 ಎಂದು ಸ್ಥಳೀಯ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನು ಯುಟಿಸಿ ಅಂದುಕೊಂಡು 15:30 ಎನ್ನುತ್ತದೆ.

ತಪ್ಪಿನ ದಿಕ್ಕೇ ಒಳ್ಳೆಯ ಸುಳಿವು. ನಮ್ಮ ಝೋನ್‌ನಲ್ಲಿ ವಿಂಡೋಸ್ ಹಿಂದಿದ್ದರೆ ಯಾವ ಕಡೆಯೂ ಬದಲಾವಣೆ ಆಗಿಲ್ಲ, ಅಥವಾ ರಿಜಿಸ್ಟ್ರಿ ಹೆಸರು ತಪ್ಪಾಗಿದೆ. ಮುಂದಿದ್ದರೆ ಎರಡೂ ಕಡೆ ಬದಲಾಗಿದೆ, ಅಥವಾ ವಿಂಡೋಸ್ ಬದಲಿಸಿದ ಮೇಲೆ ಚಿಪ್‌ ಅನ್ನು ಯುಟಿಸಿಗೆ ತಿರುಗಿಸುವುದು ಬಾಕಿ ಉಳಿದಿದೆ. ಕೆಲವು ಡಿಸ್ಟ್ರೊಗಳ ಇನ್‌ಸ್ಟಾಲರ್, ಗಡಿಯಾರ ಯುಟಿಸಿಯಲ್ಲಿದೆಯೇ ಎಂದು ಕೇಳುತ್ತದೆ. ಅಲ್ಲಿ ಇಲ್ಲ ಎಂದಿದ್ದರೆ ಲಿನಕ್ಸ್ ಕಡೆ ಮೊದಲೇ ಬದಲಾಗಿರುತ್ತದೆ, ನಿಮಗೆ ಮರೆತಿರುತ್ತದೆ. `timedatectl` ಕೊನೆಯ ಸಾಲಿನಲ್ಲಿ `yes` ಕಂಡರೆ ಇದನ್ನು ಕೊಡಿ:

```
sudo timedatectl set-local-rtc 0
```

## ಈಗ ಎರಡೂ ಕಡೆ ಸರಿ. ಆದರೆ ಬಯಾಸ್‌ನಲ್ಲಿ ಸಮಯ ತಪ್ಪು ತೋರಿಸುತ್ತಿದೆ.

ಅದು ಯುಟಿಸಿ. ಬಯಾಸ್ ಪರದೆ ಚಿಪ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತದೆ. ದಯವಿಟ್ಟು ಅಲ್ಲಿ ತಿದ್ದಬೇಡಿ, ತಿದ್ದಿದರೆ ಎರಡೂ ಕಡೆ ತಪ್ಪುತ್ತದೆ. ಬಯಾಸ್‌ನಲ್ಲಿ ಇಂತಿಷ್ಟು ಹೊತ್ತಿಗೆ ತಾನೇ ಆನ್ ಆಗುವಂತೆ ಇಟ್ಟಿದ್ದರೆ ಮಾತ್ರ ಆ ಸಮಯವನ್ನು ಯುಟಿಸಿ ಲೆಕ್ಕಕ್ಕೆ ಬದಲಿಸಿ. ಬೆಳಿಗ್ಗೆ 8:00ಕ್ಕೆ ಏಳಬೇಕಾದರೆ ಅಲ್ಲಿ 02:30 ಇರಬೇಕು.

## ಲಿನಕ್ಸ್ ಇನ್‌ಸ್ಟಾಲ್ ಮಾಡಿಲ್ಲ, ಯುಎಸ್‌ಬಿಯಿಂದ ಸುಮ್ನೆ ನೋಡಿದೆ. ಆದರೂ ವಿಂಡೋಸ್ ಸಮಯ ತಪ್ಪಿದೆ.

ಲೈವ್ ಯುಎಸ್‌ಬಿಯೂ ಪೂರ್ತಿ ಲಿನಕ್ಸೇ. ನೆಟ್ ಸಿಕ್ಕ ಕೂಡಲೇ ಅದೂ ಚಿಪ್‌ಗೆ ಯುಟಿಸಿ ಬರೆಯುತ್ತದೆ. ಇದು ಒಂದು ಸಲದ ವಿಷಯ, ವಿಂಡೋಸ್‌ನಲ್ಲಿ ಸಿಂಕ್ ಬಟನ್ ಒತ್ತಿದರೆ ಮುಗಿಯಿತು. ರಿಜಿಸ್ಟ್ರಿ ಬೇಡ.

## ವಿಂಡೋಸ್ ಟೈಮ್ ಝೋನನ್ನೇ ಯುಟಿಸಿಗೆ ಇಟ್ಟುಬಿಟ್ಟರೆ?

ಜಗಳ ನಿಲ್ಲುತ್ತದೆ, ಆದರೆ ವಿಂಡೋಸ್ ನಿಮಗೆ ಯಾವಾಗಲೂ ಯುಟಿಸಿ ಸಮಯವನ್ನೇ ತೋರಿಸುತ್ತದೆ. ಸಮಯ ಸರಿ ಕಾಣಲಿ ಅಂತ ಕೈಯಾರೆ 5:30 ಮುಂದೆ ತಳ್ಳಿದರೆ ಇನ್ನೂ ಕೆಟ್ಟದ್ದು. ಆಗ ಒಳಗಿನ ಯುಟಿಸಿಯೇ ತಪ್ಪುತ್ತದೆ. ಮೀಟಿಂಗ್ ಸಮಯ, ಮೇಲ್ ಸಮಯ, ಫೈಲ್ ಸಮಯ ಎಲ್ಲವೂ ಅದರ ಹಿಂದೆ ಹೋಗುತ್ತವೆ.

## ನನ್ನ ಡಿಸ್ಟ್ರೊದಲ್ಲಿ systemd ಇಲ್ಲ. timedatectl ಕೆಲಸ ಮಾಡುವುದಿಲ್ಲ.

`/etc/adjtime` ಫೈಲ್ ನೋಡಿ. ಅದರ ಮೂರನೇ ಸಾಲಿನಲ್ಲಿ `UTC` ಅಥವಾ `LOCAL` ಎಂದು ಇರುತ್ತದೆ. `hwclock --systohc --utc` ಕೊಟ್ಟರೆ ಚಿಪ್‌ಗೂ ಬರೆದು ಆ ಸಾಲನ್ನೂ ಬದಲಿಸುತ್ತದೆ. ಓಪನ್‌ಆರ್‌ಸಿ ಬಳಸುವವರು `/etc/conf.d/hwclock` ಒಳಗೆ `clock="UTC"` ಇದೆಯೇ ಎಂದೂ ನೋಡಿಕೊಳ್ಳಿ. ವಿಂಡೋಸ್ ಕಡೆಯ ಕೆಲಸ ಮೇಲೆ ಹೇಳಿದ್ದೇ.